ಕಂಡಕ್ಟರ್ ಏನನ್ನ ಹೊರ್ತಾನೆ?

ಕಳೆದ ಸೆಮ್‌ನಲ್ಲಿ ಪ್ರತಿ ಶನಿವಾರ ಬೆಳಗ್ಗೆ ಇಡೀ ಹಾಸ್ಟೆಲ್ ಮಲಗಿರುವಾಗ ನಾನೊಬ್ಬ ಸ್ನಾನ ಮಾಡಿ ಹೊರಡುತ್ತಿದ್ದೆ. ಎಲ್ಲಿಗೆ ಅಂತ ರೂಮ್‌ಮೇಟ್‌ಗೆ ಬಹಳ ದಿನ ಅನುಮಾನ ಇತ್ತು. ಅವನು ಅಂದುಕೊಂಡ ಹಾಗೆ ಏನೂ ಇರಲಿಲ್ಲ. ಕಾಲೇಜಿನಿಂದ ಎರಡು ಸ್ಟಾಪ್ ಆಚೆ ಇರುವ ಸರ್ಕಾರಿ ಪ್ರೌಢಶಾಲೆಗೆ, ಒಂಬತ್ತನೇ ಕ್ಲಾಸಿನವರಿಗೆ ಕನ್ನಡ ಓದಿಸೋಕೆ ಹೋಗುತ್ತಿದ್ದೆ. ಅಲ್ಲಿನ ಕನ್ನಡ ಮೇಡಂ ಮೊದಲ ದಿನವೇ ಹೇಳಿದ್ದರು: "ನಮ್ಮ ಮಕ್ಕಳು ಗಟ್ಟಿಯಾಗಿ ಓದ್ತಾರೆ ಕಣಪ್ಪ, ಆದ್ರೆ ಅರ್ಥ ಕೇಳಿದ್ರೆ ತಲೆ ತಗ್ಗಿಸ್ತಾರೆ. ನೀನು ಪದಗಳ ಮೇಲೆ ಸ್ವಲ್ಪ ಕೆಲಸ ಮಾಡು."

ಪದ ಕಲಿಸೋದು ಅಂದ್ರೆ ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬೋರ್ಡ್ ಮೇಲೆ ಎಡಕ್ಕೆ ಪದ, ಬಲಕ್ಕೆ ಅರ್ಥ. ವಾರಕ್ಕೆ 20 ಪದ ಕೊಟ್ಟೆ, ಮುಂದಿನ ಶನಿವಾರ ಟೆಸ್ಟ್ ಇಟ್ಟೆ. ಎರಡನೇ ಬೆಂಚಿನ ಒಬ್ಬ ಹುಡುಗಿ 20ಕ್ಕೆ 20 ತೆಗೆದಳು. ಅವಳ ಉತ್ತರಗಳಲ್ಲಿ 'ನಿರ್ವಹಣೆ ಎಂದರೆ ನಡೆಸಿಕೊಂಡು ಹೋಗುವುದು' ಅಂತಲೂ ಇತ್ತು. ಅದರ ಮುಂದಿನ ವಾರ ಪೇಪರಿನ ಒಂದು ಸುದ್ದಿ ಓದಿಸಿದೆ. ಅದರಲ್ಲಿ 'ಕೆರೆಯ ನಿರ್ವಹಣೆ ಪಂಚಾಯಿತಿಯ ಹೊಣೆ' ಅನ್ನುವ ಸಾಲು ಬಂತು. ಅದೇ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಕೆರೆಯನ್ನ ನಡೆಸಿಕೊಂಡು ಎಲ್ಲಿಗೆ ಹೋಗ್ತಾರೆ?"

ಕ್ಲಾಸ್ ಪೂರ್ತಿ ನಕ್ಕಿತು, ನಾನೂ ನಕ್ಕೆ. ಅವಳು ಕೂತುಕೊಂಡಳು, ಆಮೇಲೆ ಆ ದಿನ ಬಾಯಿ ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಯೋಚನೆ ಮಾಡಿದರೆ, ಅವಳು ತಪ್ಪೇನೂ ಹೇಳಿರಲಿಲ್ಲ. ನಾನು ಕೊಟ್ಟ ಅರ್ಥವನ್ನೇ ನಿಯತ್ತಾಗಿ ವಾಕ್ಯದಲ್ಲಿಟ್ಟು ನೋಡಿದ್ದಳು, ಅದು ಕೂರಲಿಲ್ಲ. ನಾನು ಪದವನ್ನ ಅದರ ಮನೆಯವರಿಂದಲೂ ಊರಿನಿಂದಲೂ ಕಿತ್ತು ತಂದು, ಒಂದು ಅರ್ಥ ಅಂಟಿಸಿ ಕೊಟ್ಟಿದ್ದೆ.

ಮುಂದಿನ ವಾರ ಪಟ್ಟಿ ಬಿಟ್ಟು, ಮನೆಯವರಿಂದ ಶುರು ಮಾಡಿದೆ. ಬೋರ್ಡ್ ಮಧ್ಯದಲ್ಲಿ 'ವಹ್' ಅಂತ ಬರೆದೆ. ಸಂಸ್ಕೃತದ ಧಾತು, ಹೊರು, ಒಯ್ಯು ಅಂತ ಅರ್ಥ. ಇದರ ಸಂಬಂಧಿಕರು ಯಾರ್ಯಾರು ಹೇಳಿ ಅಂದೆ. ವಾಹನ ಮೊದಲು ಬಂತು. ಪ್ರವಾಹ ಬಂತು. ವಿಜ್ಞಾನದ ಪಾಠದಿಂದ ವಿದ್ಯುತ್ ವಾಹಕ, ಅವಾಹಕ ಬಂದವು. ಹಿಂದಿನ ಬೆಂಚಿನಿಂದ ಒಬ್ಬ 'ಪ್ರವಾಸ' ಅಂದ. ವಾಹನದಲ್ಲೇ ತಾನೇ ಪ್ರವಾಸ ಹೋಗೋದು ಅನ್ನೋದು ಅವನ ವಾದ. ಇನ್ನೊಬ್ಬಳು 'ಆಹ್ವಾನ' ಅಂದಳು. ಇಬ್ಬರೂ ಒಳ್ಳೇ ತಪ್ಪು ಮಾಡಿದ್ದರು. ಪ್ರವಾಸ 'ವಾಸ'ದ ಮನೆಯದು. ನಿವಾಸ, ವಸತಿ ಅದರ ಅಣ್ಣತಮ್ಮಂದಿರು, ಮನೆ ಬಿಟ್ಟು ಬೇರೆ ಕಡೆ ಇರೋದು ಅದರ ಮೂಲ ಅರ್ಥ. ಆಹ್ವಾನದ ಧಾತು ಬೇರೆ, ಅದು ಕರೆಯೋದಕ್ಕೆ ಸಂಬಂಧಿಸಿದ್ದು. ಅಕ್ಷರ ಒಂದೇ ಥರ ಇದ್ದರೆ, ಅರ್ಥ ಅಕ್ಕಪಕ್ಕ ಇದ್ದರೆ ಸಂಬಂಧಿಕರು ಅಂತ ಅಲ್ಲ. ಮುಖ ಹೋಲಿದವರೆಲ್ಲ ನೆಂಟರಲ್ಲವಲ್ಲ, ಹಾಗೆ.

ಆಮೇಲೆ ನಾನೇ 'ನಿರ್ವಾಹಕ' ಬರೆದೆ. ಬಸ್ಸಿನ ಕಂಡಕ್ಟರ್‌ಗೆ ಸರ್ಕಾರಿ ಕನ್ನಡದಲ್ಲಿರುವ ಹೆಸರು. ಮೊದಲ ಬೆಂಚಿನ ಹುಡುಗ ತಕ್ಷಣ ಲೆಕ್ಕ ಹಾಕಿದ: ನಿರ್ಭಯ ಅಂದ್ರೆ ಭಯ ಇಲ್ಲ, ನಿರ್ಜನ ಅಂದ್ರೆ ಜನ ಇಲ್ಲ, ಹಾಗಾದ್ರೆ ನಿರ್ವಾಹಕ ಅಂದ್ರೆ "ಏನೂ ಹೊರದೇ ಇರೋನು. ಕರೆಕ್ಟ್ ಸರ್, ಕಂಡಕ್ಟರ್ ಏನನ್ನ ಹೊರ್ತಾನೆ? ಟಿಕೆಟ್ ಚೀಲ ಬಿಟ್ರೆ!"

ಲಾಜಿಕ್ ನೂರಕ್ಕೆ ನೂರು, ಉತ್ತರ ಸೊನ್ನೆ. 'ನಿರ್' ಅನ್ನೋ ಉಪಸರ್ಗ ಎಷ್ಟೋ ಕಡೆ 'ಇಲ್ಲ' ಅನ್ನುತ್ತೆ ನಿಜ, ಆದರೆ ಕೆಲವು ಕಡೆ 'ಹೊರಗೆ', 'ಕೊನೆಯ ತನಕ' ಅಂತಲೂ ಆಗುತ್ತೆ. ಕೆಲಸವನ್ನ ಕೊನೆಯ ತನಕ ಹೊತ್ತು ಮುಟ್ಟಿಸೋದು ನಿರ್ವಹಣೆ, ಹಾಗೆ ಮಾಡುವವನು ನಿರ್ವಾಹಕ. ಹಾಗೆ ಹೊತ್ತುಕೊಂಡು ಹೋಗೋಕೆ ದಾರಿಯೇ ಇಲ್ಲದಿದ್ದರೆ ನಮ್ಮಜ್ಜಿ ಅನ್ನುವ ಹಾಗೆ 'ನಿರ್ವಾಹ ಇಲ್ಲ'. ಎರಡನೇ ಬೆಂಚಿನ ಹುಡುಗಿ ಮೆಲ್ಲಗೆ, "ಹಾಗಾದ್ರೆ ಕೆರೆ ಹೊಣೆ ಹೊತ್ಕೊಳ್ಳೋದು" ಅಂದಳು. ನನಗೆ ಅವತ್ತು ಸಿಕ್ಕ ಸಂಬಳ ಅದು.

ಆದರೆ ಹುಡುಗನ ತಪ್ಪು ತಲೆಯಲ್ಲಿ ಉಳಿಯಿತು. ಬರೀ ಮನೆತನ ನೋಡಿ ಅರ್ಥ ಹೇಳೋಕೆ ಹೊರಟರೆ ಹೀಗೆ ಜಾರುತ್ತೆ. 'ವಿವಾಹ'ದಲ್ಲೂ ಅದೇ ಧಾತು ಇದೆ, ಆದರೆ ಧಾತು ಗೊತ್ತಿದ್ದ ಮಾತ್ರಕ್ಕೆ ಯಾರಿಗೂ ಮದುವೆ ಅಂತ ಹೊಳೆಯಲ್ಲ. ಮನೆತನ ಒಂದು ಊಹೆಯನ್ನ ಕೊಡುತ್ತೆ. ಅದು ಸರಿಯೋ ತಪ್ಪೋ ಅಂತ ಹೇಳಬೇಕಾದ್ದು ವಾಕ್ಯ.

ಹಾಗಂತ ವಾಕ್ಯವನ್ನೂ ಕಣ್ಣು ಮುಚ್ಚಿ ನಂಬೋಹಾಗಿಲ್ಲ. 1983ರಲ್ಲೇ ಅಮೆರಿಕದ ಇಸಬೆಲ್ ಬೆಕ್ ಮತ್ತು ಸಂಗಡಿಗರು ಇದನ್ನ ವಿಂಗಡಿಸಿ ತೋರಿಸಿದ್ದಾರೆ. ಕೆಲವು ವಾಕ್ಯಗಳು ಅರ್ಥವನ್ನ ನೇರವಾಗಿ ತೋರಿಸುತ್ತವೆ, ಕೆಲವು ಅರ್ಧ ದಾರಿ ತೋರಿಸುತ್ತವೆ, ಕೆಲವು ಏನೂ ಹೇಳಲ್ಲ, ಇನ್ನು ಕೆಲವು ದಾರಿ ತಪ್ಪಿಸುತ್ತವೆ. ಇದು ನನಗೆ ಅರ್ಥವಾದದ್ದು 'ಸಂವಹನ' ಪದ ಹಿಡಿದ ದಿನ. ಬೋರ್ಡ್ ಮೇಲೆ ಬರೆದ ವಾಕ್ಯ ಇದು: 'ಗಾಳಿಗೆ ಟವರ್ ಬಿದ್ದಿದ್ದರಿಂದ ಊರಿನ ಸಂವಹನ ನಿಂತುಹೋಯಿತು.'

ಮನೆತನ ಹಿಡಿದವರು 'ವಾಹನ ಓಡಾಟ' ಅಂದರು. ಟವರ್ ಬಿದ್ದರೆ ಬಸ್ ಯಾಕೆ ನಿಲ್ಲಬೇಕು ಅಂತ ಉಳಿದವರೇ ಅವರನ್ನ ಕೂರಿಸಿದರು. ವಾಕ್ಯ ಹಿಡಿದವರು 'ನೆಟ್‌ವರ್ಕ್' ಅಂದರು. ಅದು ವಾಕ್ಯದಲ್ಲಿ ಚೆನ್ನಾಗಿಯೇ ಕೂತಿತು. ಸರಿ ಅಂತ ಮುಂದೆ ಹೋಗಿಬಿಡುತ್ತಿದ್ದೆ. ಆದರೆ ಚೆನ್ನಾಗಿ ಕೂತ ತಪ್ಪೇ ಹೆಚ್ಚು ಅಪಾಯ, ಅದು ತಪ್ಪು ಅಂತ ಯಾರಿಗೂ ಅನಿಸೋದೇ ಇಲ್ಲ. ಅದಕ್ಕೆ ಎರಡನೇ ವಾಕ್ಯ ಬರೆದೆ: 'ಅಪ್ಪ ಮಗನ ನಡುವೆ ಸಂವಹನವೇ ಇಲ್ಲ.' ಒಬ್ಬ, "ನೆಟ್‌ವರ್ಕ್ ಇಲ್ಲ ಅಂದ್ರೂ ಸರಿ ಹೋಗುತ್ತೆ ಸರ್, ನಮ್ಮನೇಲೂ ಹಂಗೇ" ಅಂದ. ನಗು ಮುಗಿದ ಮೇಲೆ ಮೂರನೇದು: 'ಚಿತ್ರವೂ ಒಂದು ಬಗೆಯ ಸಂವಹನ.' ಈಗ ನೆಟ್‌ವರ್ಕ್ ಬಿದ್ದುಹೋಯಿತು. ಮೂರರಲ್ಲೂ ಏನು ಸಾಗ್ತಾ ಇದೆ ಅಂತ ಕೇಳಿದೆ. ಮಾತು ಅಂದರು, ಚಿತ್ರದಲ್ಲಿ ಮಾತಿಲ್ಲವಲ್ಲ ಅಂತ ಅವರೇ ತಿದ್ದಿಕೊಂಡು, "ಮನಸಲ್ಲಿರೋದು ಒಬ್ಬರಿಂದ ಇನ್ನೊಬ್ಬರಿಗೆ ಹೋಗೋದು" ಅಂದರು. ನಿಘಂಟನ್ನ ತೆಗೆದದ್ದು ಅದಾದ ಮೇಲೆ.

ಅಲ್ಲಿಂದ ನಮ್ಮ ಪದ್ಧತಿ ಒಂದು ರೂಪಕ್ಕೆ ಬಂತು. ವಾರಕ್ಕೆ 20 ಪದ ಹೋಗಿ ಐದಾಯಿತು. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ: ಪದ, ನನ್ನ ಊಹೆ, ಊಹೆಗೆ ಆಧಾರ, ನಿಘಂಟು. ಜೀವ ಇರೋದು ಮೂರನೇ ಕಾಲಂನಲ್ಲಿ. ಯಾವ ಸಂಬಂಧಿಕ ಪದ ನೆನಪಾಯಿತು, ವಾಕ್ಯದ ಯಾವ ಮಾತು ಸುಳಿವು ಕೊಟ್ಟಿತು ಅಂತ ಬರೆಯಲೇಬೇಕು. 'ಆದರೆ' ಬಂದರೆ ಹಿಂದಿನದಕ್ಕೆ ಎದುರಾದ ಅರ್ಥ, 'ಇದರಿಂದ' ಬಂದರೆ ಕಾರಣ, 'ಮುಂತಾದ' ಬಂದರೆ ಅದರ ಹಿಂದೆ ಉದಾಹರಣೆಗಳಿವೆ. ಆ ಕಾಲಂ ಖಾಲಿ ಇದ್ದರೆ ಊಹೆ ಸರಿಯಿದ್ದರೂ ಅದು ಲಾಟರಿ ಅಂತ ಲೆಕ್ಕ. ಸೆಮ್ ಉದ್ದಕ್ಕೂ ಹಳೆಯ ಪದಗಳನ್ನ ಹೊಸ ವಾಕ್ಯದಲ್ಲಿಟ್ಟು ಕೇಳುತ್ತಿದ್ದೆ, ಅರ್ಥ ಬರೆಯಿರಿ ಅಂತ ಕೇಳುತ್ತಿರಲಿಲ್ಲ.

ಇದು ಕೆಲಸ ಮಾಡದ ಜಾಗವೂ ಇದೆ. ಒಮ್ಮೆ ಉತ್ಸಾಹದಲ್ಲಿ ಪೇಪರಿನ ಸಂಪಾದಕೀಯ ಕೊಟ್ಟೆ. ಯಾರೂ ಒಂದು ಪದವನ್ನೂ ಊಹಿಸಲಿಲ್ಲ. ಸುಳಿವು ಕೊಡಬೇಕಾದ ಪದಗಳೇ ಗೊತ್ತಿಲ್ಲದಿದ್ದರೆ ಸುಳಿವು ಎಲ್ಲಿಂದ ಬರಬೇಕು? ಇಂಗ್ಲಿಷ್ ಕಥೆಗಳನ್ನಿಟ್ಟುಕೊಂಡು ಪಾಲ್ ನೇಷನ್ ಎಂಬ ಭಾಷಾತಜ್ಞರು 2000ದಲ್ಲಿ ತಮ್ಮ ಜೊತೆಗಾರರೊಂದಿಗೆ ನೋಡಿದಾಗ, ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ಹೆಚ್ಚಿನವರಿಗೆ ಸುಮಾರು 98% ಪದಗಳು ಗೊತ್ತಿರಬೇಕು ಅಂತ ಕಂಡಿತು. ಅಂದ್ರೆ 50 ಪದಕ್ಕೆ ಒಂದು ಹೊಸದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅದೇ ಲೆಕ್ಕ ಹಾಗೇ ಬರಲ್ಲ. ಆದರೂ ಅಂದಾಜಿಗೆ ಅದನ್ನೇ ಇಟ್ಟುಕೊಂಡು, ಆಮೇಲೆ ಗದ್ಯಭಾಗಗಳನ್ನ ನಾನೇ ಸರಳವಾಗಿ ಬರೆಯತೊಡಗಿದೆ.

ಅಚ್ಚಗನ್ನಡ ಪದಗಳಿಗೂ ಮನೆತನ ಇದೆ ಅಂತ ನೆನಪಿಸಿದವರು ಮೇಡಂ. "ಕೃದಂತ ಭಾವನಾಮ ಅಂತ ಪರೀಕ್ಷೆಗೆ ಓದ್ತಾರಲ್ಲ, ಅದನ್ನ ಓದೋವಾಗ ಬಳಸೋಕೆ ಹೇಳ್ಕೊಡು" ಅಂದರು. ಕುಸಿ, ಕುಸಿತ. ಕಡಿ, ಕಡಿತ. ಸೆಳೆ, ಸೆಳೆತ. ಕ್ರಿಯೆಗೆ 'ತ' ಸೇರಿದರೆ ಆ ಕ್ರಿಯೆಯ ಹೆಸರು. ಕೊನೆಯ ಶನಿವಾರ ಒಂದು ಗದ್ಯಭಾಗ ಕೊಟ್ಟೆ: 'ಪ್ರತಿ ಮಳೆಗಾಲದಲ್ಲೂ ಆ ಊರಿಗೆ ಕಡಲ್ಕೊರೆತದ ಭಯ. ಈ ವರ್ಷವೂ ದಡದ ತೆಂಗಿನ ಮರಗಳು ನೀರಿಗೆ ಉರುಳಿದವು.' ಆ ಮಕ್ಕಳಲ್ಲಿ ಹೆಚ್ಚಿನವರು ಸಮುದ್ರ ನೋಡಿಲ್ಲ.

ಆ ಹುಡುಗಿಯ ನೋಟ್‌ಬುಕ್ ನೋಡಿದೆ. ಊಹೆ ಕಾಲಂನಲ್ಲಿ ಮೊದಲು 'ಸಮುದ್ರದಲ್ಲಿ ಬೋರ್ ಕೊರೆಸುವುದು' ಅಂತ ಬರೆದಿದ್ದಳು. ಅವಳ ಊರಲ್ಲಿ 'ಕೊರೆ' ಅಂದ್ರೆ ಅದೇ ತಾನೇ. ಆಮೇಲೆ ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ 'ಸಮುದ್ರವೇ ದಡವನ್ನು ಕೊರೆಯುವುದು' ಅಂತ ಬರೆದಿದ್ದಳು. ಆಧಾರ ಕಾಲಂನಲ್ಲಿ: 'ಬೋರ್ ಕೊರೆದರೆ ಮರ ಯಾಕೆ ನೀರಿಗೆ ಬೀಳುತ್ತೆ?' ಯಾರೂ ಅವಳನ್ನ ತಿದ್ದಿರಲಿಲ್ಲ. ಆ ಪ್ರಶ್ನೆಯನ್ನ ಅವಳಿಗೆ ಅವಳೇ ಕೇಳಿಕೊಂಡಿದ್ದಳು.

ಒಂದು ವಿಷಯ ಹೇಳಿ ಮುಗಿಸ್ತೀನಿ. ಕನ್ನಡ ಮೀಡಿಯಂನಿಂದ ಬಂದ ನಾನು ಫಸ್ಟ್ ಇಯರ್‌ನಲ್ಲಿ ಕಂಡಕ್ಟರ್, ಇಂಡಕ್ಟರ್, ಸೆಮಿಕಂಡಕ್ಟರ್ ಅಂತ ಬೇರೆ ಬೇರೆ ಪಟ್ಟಿಯಲ್ಲಿ ಬಾಯಿಪಾಠ ಮಾಡಿದ್ದೆ. ಲ್ಯಾಟಿನ್‌ನಲ್ಲಿ 'ಮುನ್ನಡೆಸು' ಅನ್ನುವ ಒಂದೇ ಕ್ರಿಯಾಪದದಿಂದ ಇವೆಲ್ಲ ಬಂದಿವೆ, ವೈರಿನ ಕಂಡಕ್ಟರೂ ಬಸ್ಸಿನ ಕಂಡಕ್ಟರೂ ಒಂದೇ ಮನೆಯವರು ಅಂತ ನನಗೆ ಹೊಳೆದದ್ದು ಆ ಬೋರ್ಡ್ ಮುಂದೆ, ವಾಹಕ ಮತ್ತು ನಿರ್ವಾಹಕ ಅಕ್ಕಪಕ್ಕ ಬರೆದು ನಿಂತಾಗ. ಈ ಸೆಮ್‌ನ ನನ್ನ ಲ್ಯಾಬ್ ಬುಕ್ಕಿನ ಕೊನೆಯ ಪುಟ ತೆಗೆದು ನೋಡಿದರೆ, ಅಲ್ಲೂ ನಾಲ್ಕು ಕಾಲಂ ಇದೆ.