ಒಂದು ಟಿಕ್, ಎರಡು ಟಿಕ್

ಬೆಂಗಳೂರಿನ ನನ್ನ ರೂಮಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹತ್ತೇ ನಿಮಿಷಕ್ಕೆ ಬರುತ್ತೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮನೆ ಜಗಲಿಯಲ್ಲಿ ಕೂತು ಅದೇ ಆ್ಯಪ್ ತೆರೆದರೆ, ನಿಮ್ಮ ಜಾಗಕ್ಕೆ ನಮ್ಮ ಸೇವೆ ಇಲ್ಲ ಅನ್ನುತ್ತೆ. ಅಪ್ಪನಿಗೆ ದಿನಾ ಇನ್ಸುಲಿನ್ ಬೇಕು. ಪೇಟೆ ಒಂಬತ್ತು ಕಿಲೋಮೀಟರ್ ದೂರ. ಅಪ್ಪ ಸ್ಕೂಟರ್ ಬಿಟ್ಟು ಮೂರು ವರ್ಷ ಆಯ್ತು.

ಈಗ ನಮ್ಮನೆಗೆ ಸಾಮಾನು ತಂದುಕೊಡುವವನು ಹೈಸ್ಕೂಲಿನಲ್ಲಿ ನನಗಿಂತ ಮೂರು ಕ್ಲಾಸ್ ಕೆಳಗಿದ್ದ ಹುಡುಗ. ಅವನ ಹತ್ತಿರ ಇರೋದು ಒಂದು ಬೈಕು, ಹಿಂದೆ ಕಟ್ಟಿದ ಡಬ್ಬಿ, ಒಂದು ಮೊಬೈಲು. ಆ್ಯಪ್ ಅಂತ ಬೇರೆ ಇಲ್ಲ, ವಾಟ್ಸ್ಆ್ಯಪ್ ಬಿಸಿನೆಸ್ ಅಷ್ಟೇ. ಜನ ಚೀಟಿ ಬರೆದು ಫೋಟೊ ಹಾಕ್ತಾರೆ, ವಯಸ್ಸಾದವರು ವಾಯ್ಸ್ ಮೆಸೇಜ್ ಕಳಿಸ್ತಾರೆ. ಪ್ರತಿ ಆರ್ಡರಿಗೂ ಅವನು ಒಂದೊಂದು ಲೇಬಲ್ ಅಂಟಿಸ್ತಾನೆ: ‘ಹೊಸದು’, ‘ಅಂಗಡೀಲಿದೆ’, ‘ದಾರೀಲಿದೆ’, ‘ಬಾಕಿ’. ಎಲ್ಲರನ್ನೂ ಸೇರಿಸಿ ಗ್ರೂಪ್ ಮಾಡು ಅಂತ ಹೇಳಿದವರಿದ್ದಾರಂತೆ. ಅವನು ಮಾಡಲಿಲ್ಲ. ಯಾರ ಮನೆಗೆ ಯಾವ ಮಾತ್ರೆ ಹೋಗುತ್ತೆ ಅನ್ನೋದು ಊರಿಗೆಲ್ಲ ಗೊತ್ತಾಗೋದು ಬೇಡ ಅಂತ.

ಕಳೆದ ವರ್ಷ ಎರಡು ತಿಂಗಳು ಮನೆಯಿಂದಲೇ ಕೆಲಸ ಮಾಡಿದಾಗ ಅವನಿಗೆ ಬುದ್ಧಿ ಹೇಳಲು ಹೋಗಿದ್ದೆ. ನಾನು ಸಾಫ್ಟ್‌ವೇರಿನವಳು, ಸುಮ್ಮನಿರೋದು ಕಷ್ಟ. ಐನೂರು ರೂಪಾಯಿ ದಾಟಿದ ಆರ್ಡರಿಗೆ ಡೆಲಿವರಿ ಫ್ರೀ ಅಂತ ಸ್ಟೇಟಸ್ ಹಾಕು, ಆರ್ಡರ್ ಜಾಸ್ತಿ ಆಗುತ್ತೆ ಅಂದೆ. ಜಾಸ್ತಿ ಆಯ್ತು ಕೂಡ. ಎರಡನೇ ದಿನ ಹನ್ನೆರಡು ಕಿಲೋಮೀಟರ್ ದೂರದ ಮನೆಯವರು ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ತರಿಸಿಕೊಂಡರು. ಸಾವಿರ ದಾಟಿದ ಬಿಲ್ಲು, ಡೆಲಿವರಿ ಸೊನ್ನೆ. ಅಂಗಡಿಯವರನ್ನು ಏನಾದರೂ ಕೊಡಿ ಅಂತ ಕೇಳಿದರೆ, ‘ಅಕ್ಕೀಲಿ ನಂಗೇ ಉಳಿಯೋದು ಅಷ್ಟಕ್ಕಷ್ಟೆ, ನಿಂಗೆಲ್ಲಿಂದ ಕೊಡ್ಲಿ ಮಾರಾಯಾ’ ಅಂದರು. ಆರನೇ ದಿನ ಅವನು ಸ್ಟೇಟಸ್ ತೆಗೆದ. ನನಗೆ ಒಂದು ಮಾತೂ ಅನ್ನಲಿಲ್ಲ, ಹಳೇ ನೋಟ್‌ಬುಕ್ಕಿನ ಒಂದು ಪುಟ ಮಾತ್ರ ತೋರಿಸಿದ.

ಆ ಪುಟದಲ್ಲಿ ಲೆಕ್ಕ ಇತ್ತು. ಪೆಟ್ರೋಲು, ಟೈರು, ಆಯಿಲ್ಲು ಎಲ್ಲಾ ಸೇರಿ ಕಿಲೋಮೀಟರಿಗೆ ಮೂರು ರೂಪಾಯಿ ಖರ್ಚು. ಅವನು ತಗೊಳ್ಳೋದು ಮೊದಲ ಮೂರು ಕಿಲೋಮೀಟರಿಗೆ ಮೂವತ್ತು, ಅಲ್ಲಿಂದ ಮುಂದೆ ಕಿಲೋಮೀಟರಿಗೆ ಐದು. ನಮ್ಮನೆಗೆ ಅಂದರೆ ಅರವತ್ತು. ಹೋಗಿ ಬರೋದು ಹದಿನೆಂಟು ಕಿಲೋಮೀಟರ್, ಖರ್ಚೇ ಐವತ್ತನಾಲ್ಕು. ಬರೀ ನಮ್ಮನೆ ಸಾಮಾನು ಹಿಡಕೊಂಡು ಬಂದರೆ ಒಂದೂವರೆ ಗಂಟೆಗೆ ಆರು ರೂಪಾಯಿ ಉಳಿಯುತ್ತೆ. ಅದೇ ನಮ್ಮ ರಸ್ತೆಯ ಆಸುಪಾಸಿನ ನಾಲ್ಕು ಮನೆಯ ಸಾಮಾನು ಒಟ್ಟಿಗೆ ತಂದರೆ, ಒಳದಾರಿ ಸುತ್ತಿದ್ದೂ ಸೇರಿ ಇಪ್ಪತ್ತೆರಡು ಕಿಲೋಮೀಟರ್, ಸುಮಾರು ನೂರೆಪ್ಪತ್ತು ಕೈಗೆ ಸಿಗುತ್ತೆ. ಹಾಗಾಗಿ ಅವನು ಕೇಳಿದ ತಕ್ಷಣ ಹೊರಡೋದಿಲ್ಲ. ಒಂದೊಂದು ದಿಕ್ಕಿನ ರಸ್ತೆಗೆ ಒಂದೊಂದು ಹೊತ್ತು. ನಮ್ಮ ಕಡೆಗೆ ಬೆಳಿಗ್ಗೆ ಹನ್ನೊಂದು. ಹತ್ತು ನಿಮಿಷದ ಡೆಲಿವರಿ ನಮ್ಮೂರಿಗೆ ಯಾಕೆ ಬರಲಿಲ್ಲ ಅನ್ನೋದು ನನಗೆ ಅರ್ಥವಾಗಿದ್ದು ಆ ಪುಟದಿಂದ.

ಇನ್ನೊಂದು ತಾಪತ್ರಯ ದುಡ್ಡಿನದು. ಅಂಗಡಿಗೆ ಮೊದಲು ಕೊಡೋದು ಅವನೇ. ಬೆಳಿಗ್ಗೆ ಆರು ಸಾವಿರ ಇಟ್ಟುಕೊಂಡು ಶುರು ಮಾಡಿದರೆ ಮಧ್ಯಾಹ್ನಕ್ಕೆ ಕೈ ಖಾಲಿ. ತೋಟದ ಮನೆಗಳಲ್ಲಿ ಸಿಗ್ನಲ್ ಇರಲ್ಲ, ಗೇಟಿನ ಹತ್ತಿರ ನಿಂತು ಸ್ಕ್ಯಾನ್ ಮಾಡಿದರೆ ಚಕ್ರ ತಿರುಗ್ತಾನೇ ಇರುತ್ತೆ. ಒಮ್ಮೆ ಒಬ್ಬರು ಸ್ಕ್ರೀನ್‌ಶಾಟ್ ತೋರಿಸಿ ಎಂಟುನೂರರ ಸಾಮಾನು ಒಳಗಿಟ್ಟುಕೊಂಡರು. ಪೇಮೆಂಟು ಪೆಂಡಿಂಗ್ ಆಗಿ ಅವರ ಖಾತೆಗೇ ವಾಪಸು ಹೋಗಿದ್ದು ಇವನಿಗೆ ಗೊತ್ತಾಗಿದ್ದು ಮಾರನೇ ದಿನ. ಅವರೇನು ಮೋಸಗಾರರಲ್ಲ, ಆಮೇಲೆ ಕೊಟ್ಟರು. ಆದರೆ ಅವತ್ತಿನಿಂದ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಪೇಟೆ ಬಿಡುವ ಮುಂಚೆ ತನ್ನ ಖಾತೆಗೆ ಬಂದಿರಬೇಕು, ಇಲ್ಲಾಂದ್ರೆ ‘ಬಾಕಿ’ ಲೇಬಲ್ಲು.

ಮ್ಯಾಪನ್ನೂ ಅವನು ನಂಬಲ್ಲ. ನಮ್ಮನೆಯ ಲೊಕೇಶನ್ ಹಾಕಿದರೆ ರಸ್ತೆಯಿಂದ ನಾನೂರು ಮೀಟರ್ ಅಂತ ಬರುತ್ತೆ, ನಿಜವೇ. ಆದರೆ ನಡುವೆ ಹಳ್ಳ ಇದೆ, ಅದರ ಮೇಲೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ಸಂಕ ಮುಳುಗಿದರೆ ಐದು ಕಿಲೋಮೀಟರ್ ಸುತ್ತಿ ಬರಬೇಕು. ಅವನ ಮೊಬೈಲಿನಲ್ಲಿ ನಮ್ಮನೆ ನಂಬರ್ ಸೇವ್ ಆಗಿರೋದು ಹೀಗೆ: ‘ಹಲಸಿನಮರ ತಿರುವು, ಸಂಕ, ಮಳೇಲಿ ಸುತ್ತು, ನಾಯಿ ಬಿಟ್ಟಿರ್ತಾರೆ’.

ಈ ಜುಲೈ ತಿಂಗಳ ಒಂದು ಮಂಗಳವಾರ ರಾತ್ರಿ ಅಮ್ಮನ ಮೆಸೇಜ್ ಬಂತು. ಇನ್ಸುಲಿನ್ ಪೆನ್ನು ನಾಳೆ ರಾತ್ರಿಗೆ ಮುಗಿಯುತ್ತೆ, ಲೆಕ್ಕ ತಪ್ಪಿತು ಅಂತ. ಬೆಳಿಗ್ಗೆ ಎಂಟಕ್ಕೆ ಅವನಿಗೆ ಆರ್ಡರ್ ಹಾಕಿದೆ. ಡಾಕ್ಟರ ಚೀಟಿ ಇಲ್ಲದೆ ಅವನು ಔಷಧಿ ಮುಟ್ಟಲ್ಲ. ಖಾಯಂ ಗಿರಾಕಿಗಳ ಚೀಟಿ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಅವನ ಹತ್ತಿರವೇ ಇರುತ್ತೆ. ಮೆಡಿಕಲ್ ಶಾಪಿನವರು ಹೇಳಿಕೊಟ್ಟಂತೆ ಪೆನ್ನಿನ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿ ಸ್ಟೀಲ್ ಫ್ಲಾಸ್ಕಿನಲ್ಲಿ ಇಡ್ತಾನೆ, ಐಸು ನೇರ ತಾಗದ ಹಾಗೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡೋಕೆ ಸರಿಯಾಗೇ ಕಾಣಬಹುದು, ಆದರೆ ಅದನ್ನು ಬಳಸೋ ಹಾಗಿಲ್ಲ.

ಹತ್ತೂವರೆಗೆ ಅಮ್ಮನಿಗೆ ‘ಔಷಧಿ ಬರ್ತಿದೆ’ ಅಂತ ಹಾಕಿದೆ. ಒಂದೇ ಟಿಕ್. ಫೋನ್ ಮಾಡಿದರೆ ಸ್ವಿಚ್ ಆಫ್. ಹನ್ನೊಂದಾದರೂ ಒಂದೇ ಟಿಕ್. ಮೀಟಿಂಗಿನಲ್ಲಿ ಕೂತಿದ್ದೆ, ಯಾರು ಏನು ಮಾತಾಡಿದರು ಅಂತ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೇ ಏನೋ ಆಗಿ, ಅಮ್ಮ ಒಬ್ಬಳೇ ಒದ್ದಾಡ್ತಿದ್ದಾಳೆ ಅಂತಲೇ ಮನಸ್ಸು. ಹೊರಗೆ ಬಂದು ಅವನಿಗೆ ಫೋನ್ ಮಾಡಿದೆ.

‘ಅಕ್ಕಾ, ಹೆದರ್‌ಬೇಡಿ,’ ಅಂದ. ‘ಹೊರಡ್ತಿದೀನಿ ಅಂತ ನಿಮ್ಮ ರಸ್ತೆಯ ನಾಲ್ಕೂ ಮನೆಗೆ ಮೆಸೇಜ್ ಹಾಕಿದೀನಿ. ನಾಲ್ಕಕ್ಕೂ ಒಂದೇ ಟಿಕ್. ಅಂದ್ರೆ ರಾತ್ರಿ ಗಾಳಿಗೆ ಕರೆಂಟ್ ಹೋಗಿದೆ, ವೈಫೈ ಇಲ್ಲ, ಫೋನಿಗೆ ಚಾರ್ಜೂ ಇಲ್ಲ. ನಿಮ್ಮನೆಗೆ ಮಾತ್ರ ಒಂದೇ ಟಿಕ್ ಇದ್ದಿದ್ರೆ ಯೋಚ್ನೆ ಮಾಡ್ಬೇಕಿತ್ತು.’

ಆಮೇಲೆ ಅವನ ಫೋನೂ ಸಿಗಲಿಲ್ಲ. ಸಂಕ ಮುಳುಗಿತ್ತಂತೆ. ಸುತ್ತಿ ಬಂದರೆ ಒಳದಾರಿಗೆ ಮರ ಬಿದ್ದಿತ್ತಂತೆ. ಬೈಕು ಅಲ್ಲೇ ಬಿಟ್ಟು, ಫ್ಲಾಸ್ಕನ್ನು ರೈನ್‌ಕೋಟಿನೊಳಗೆ ಹಾಕಿಕೊಂಡು ನಡೆದಿದ್ದಾನೆ. ಇದೆಲ್ಲ ನನಗೆ ಗೊತ್ತಾಗಿದ್ದು ಎರಡು ಮುಕ್ಕಾಲಿಗೆ, ಅವನು ಪೇಟೆಗೆ ವಾಪಸು ಬಂದ ಮೇಲೆ. ಮೊದಲು ಒಂದು ಫೋಟೊ ಬಂತು: ದಣಪೆಯ ಹತ್ತಿರ ಕೊಡೆ ಹಿಡಿದು ನಿಂತ ಅಪ್ಪ, ಇನ್ನೊಂದು ಕೈಯಲ್ಲಿ ಪೇಪರ್ ಸುತ್ತಿದ ಡಬ್ಬಿ, ಪಕ್ಕದಲ್ಲಿ ನಾಯಿ. ಕೆಳಗೆ, ‘ಕೊಟ್ಟೆ ಅಕ್ಕಾ. ಊಟ ಮಾಡ್ಕೊಂಡು ಹೋಗು ಅಂದ್ರು, ಉಳಿದ ಮನೆಗೆ ಹೊತ್ತಾಗ್ತಿತ್ತು’.

ಔಷಧಿ ದುಡ್ಡು ಬೆಳಿಗ್ಗೆಯೇ ಕಳಿಸಿದ್ದೆ. ಡೆಲಿವರಿಗೆ ಅಂತ ಇನ್ನೂರು ಹಾಕಿದೆ. ಐದು ನಿಮಿಷಕ್ಕೆ ನೂರನಲವತ್ತು ವಾಪಸು ಬಂತು. ಎಂತಕ್ಕೆ ಮಾರಾಯಾ, ಅಷ್ಟು ದೂರ ಸುತ್ತಿದ್ದೀಯಲ್ಲ ಅಂತ ಬರೆದೆ.

‘ಆ ರಸ್ತೇಲಿ ಇನ್ನೂ ಮೂರು ಆರ್ಡರ್ ಇತ್ತಲ್ಲ ಅಕ್ಕಾ,’ ಅಂತ ಉತ್ತರ ಬಂತು. ‘ಒಂದು ಬಾಕಿ.’