ಫೋಟೊದ ಬೆನ್ನಿಗೆ ಅಂಟಿಸಿದ ಚೀಟಿ

ನಂಜನಗೂಡಿನ ಫೋಟೊಗಳು ಮೈಸೂರಿನ ಪತ್ರಿಕೆಗಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ಸ್ಟುಡಿಯೊದಲ್ಲಿ ಪ್ರಿಂಟ್ ತೊಳೆದು ಒಣಗಿಸಿ ಕೊಟ್ಟ ಮೇಲೆ ಅದರ ಬೆನ್ನಿಗೆ ಒಂದು ಚೀಟಿ ಅಂಟಿಸಿ, ಕವರಿಗೆ ಹಾಕಿ, ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಪ್ರಿಂಟಿನ ಮೇಲೇ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಅಕ್ಷರದ ಗುರುತು ಮುಂಬದಿಗೂ ಏಳುತ್ತಿತ್ತು, ಅದಕ್ಕೇ ಚೀಟಿ. ಅದನ್ನು ನೋಡಿ ಡೆಸ್ಕಿನಲ್ಲಿ ಕೂತವರು ಎರಡು ಸಾಲಿನ ಅಡಿಬರಹ ಮಾಡುತ್ತಿದ್ದರು. ಅವರು ಜಾತ್ರೆಗೆ ಬಂದವರಲ್ಲ, ಹೊಳೆಯನ್ನು ನೋಡಿದವರೂ ಅಲ್ಲ. ಚೀಟಿಯಲ್ಲಿ ‘ನಂಜನಗೂಡು ದೊಡ್ಡ ಜಾತ್ರೆ’ ಎಂದಷ್ಟೇ ಇದ್ದರೆ ಪಾಪ ಅವರು ಏನು ಬರೆದಾರು? ಮರುದಿನ ಬೆಳಿಗ್ಗೆ ‘ಜನಸಾಗರದ ನಡುವೆ ವಿಜೃಂಭಣೆಯಿಂದ ಜರುಗಿದ ರಥೋತ್ಸವ’ ಎಂದು ಬರುತ್ತಿತ್ತು. ಹಿಂದಿನ ವರ್ಷವೂ ಅದೇ ಬಂದಿತ್ತು.

ಸವಕಲು ಮಾತು ಹುಟ್ಟುವುದು ಬರೆಯುವವನ ಸೋಮಾರಿತನದಿಂದ ಎಂದು ಬಹಳ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಫೋಟೊ ಒಂದು ಕಡೆ, ನೋಡಿದ ಕಣ್ಣು ಇನ್ನೊಂದು ಕಡೆ ಉಳಿದಾಗ ನಡುವಿನ ಖಾಲಿ ಜಾಗಕ್ಕೆ ಅಂಥ ಮಾತು ಬಂದು ಕೂರುತ್ತದೆ.

ನಮ್ಮಲ್ಲಿ ಇದನ್ನು ಮೊದಲು ಸರಿಯಾಗಿ ಹಿಡಿದವರು ಒಬ್ಬ ಹಿರಿಯ ಫೋಟೊಗ್ರಾಫರು. ರಥೋತ್ಸವದ ದಿನ ಐದು ತೇರುಗಳೂ ಬೀದಿಯಲ್ಲಿರುತ್ತವೆ, ಎಲ್ಲರೂ ಗೌತಮ ರಥದ ಪೂರ್ತಿ ಎತ್ತರ ಹಿಡಿಯಲು ಹೋಗುತ್ತಾರೆ. ಅವರು ತೇರಿನ ಪಕ್ಕದ ಜನರತ್ತ ಲೆನ್ಸ್ ತಿರುಗಿಸಿ ಕಾದರು. ಪ್ರಿಂಟ್ ಬಂದಾಗ ನೋಡಿದರೆ ಗಾಳಿಯಲ್ಲಿ ಒಂದು ಬಾಳೆಹಣ್ಣು ನಿಂತಿದೆ. ಹೊಸದಾಗಿ ಮದುವೆಯಾದವರು ಹಣ್ಣಿಗೆ ಜವನ ಸಿಕ್ಕಿಸಿ ತೇರಿನತ್ತ ಎಸೆಯುವುದು ನಮ್ಮ ಕಡೆಯ ವಾಡಿಕೆ. ಚೀಟಿಯಲ್ಲಿ ಅವರು ಬರೆದದ್ದು ಇಷ್ಟೆ: ‘ತೇರಿನತ್ತ ಹಾರುತ್ತಿರುವ ಹಣ್ಣು-ಜವನ. ಎಸೆದವರು ಬಲಗಡೆಯ ಹೊಸ ದಂಪತಿ.’ ಡೆಸ್ಕಿನವರು ಅದಕ್ಕೆ ಊರು, ದಿನ ಸೇರಿಸಿದರು, ಮತ್ತೇನನ್ನೂ ಮುಟ್ಟಲಿಲ್ಲ. ಜನಸಾಗರ ಫೋಟೊದಲ್ಲಿ ಹೇಗೂ ಕಾಣುತ್ತಿತ್ತು, ಅದನ್ನು ಮತ್ತೆ ಹೇಳಬೇಕಾಗಿರಲಿಲ್ಲ. ಹಾರುವ ಹಣ್ಣು ಮಾತ್ರ ಹೇಳದಿದ್ದರೆ ಪರ ಊರಿನವರಿಗೆ ಅರ್ಥವಾಗುತ್ತಿರಲಿಲ್ಲ. ಯಾವ ವಿವರವನ್ನು ಆರಿಸಬೇಕು ಎಂಬುದಕ್ಕೆ ನಾನು ಇಂದಿಗೂ ಇಟ್ಟುಕೊಂಡಿರುವ ಅಳತೆ ಇದೇ. ಅದು ಫೋಟೊದೊಳಗೆ ಕಣ್ಣಿಗೆ ಬೀಳಬೇಕು, ಆದರೆ ಅದೇನೆಂದು ಊರಿನವರು ಹೇಳಿದ ಮೇಲಷ್ಟೇ ತಿಳಿಯುವಂತಿರಬೇಕು. ಯಾರದೋ ಅಂಗಿಯ ಬಣ್ಣವೂ ವಿವರವೇ, ಆದರೆ ಅದರ ಹಿಂದೆ ಹೇಳುವಂಥದ್ದೇನೂ ಇಲ್ಲ.

ಮಳೆಗಾಲದ ಫೋಟೊಗಳಲ್ಲಿ ಈ ಅಳತೆ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟಕ್ಕೆ ಜನ ಓಡುವುದು ಹದಿನಾರು ಕಾಲು ಮಂಟಪ ನೋಡಲು. ಹೊಳೆ ಎಷ್ಟು ಬಂದಿದೆ ಎಂದು ಊರು ಅಳೆಯುವುದು ಅದರಿಂದಲೇ. ‘ನೀರು ಮಂಟಪದ ಅರ್ಧಕ್ಕೆ ಬಂತಂತೆ’ ಎಂದರೆ ಯಾವ ಕ್ಯೂಸೆಕ್ ಲೆಕ್ಕವೂ ಬೇಡ. ಹೀಗಿದ್ದೂ ಅಲ್ಲಿ ತೆಗೆದ ಫೋಟೊದ ಕೆಳಗೆ ‘ಕಪಿಲೆಯ ರುದ್ರನರ್ತನ’ ಎಂದು ಬರೆಯುವ ಚಾಳಿ ಬಂತು. ಆ ಸಾಲನ್ನು ಯಾವ ಊರಿನ ಯಾವ ಹೊಳೆಯ ಕೆಳಗೆ ಇಟ್ಟರೂ ನಡೆಯುತ್ತದೆ, ಹೆಸರೊಂದು ಬದಲಿಸಿದರೆ ಸಾಕು. ಅದರ ಬದಲು ‘ಮಂಟಪದ ಕಂಬಗಳು ಕಾಣುತ್ತಿಲ್ಲ, ಚಾವಣಿಯಷ್ಟೇ ಮೇಲಿದೆ. ನಿನ್ನೆ ಸಂಜೆ ನೀರು ಕಂಬಗಳ ನಡುಮಟ್ಟದಲ್ಲಿತ್ತು’ ಎಂದು ಬರೆದು ನೋಡಿ. ಒಂದು ರಾತ್ರಿಯಲ್ಲಿ ನೀರು ಎಷ್ಟು ಏರಿತೆಂದು ಓದುಗರೇ ಲೆಕ್ಕ ಹಾಕುತ್ತಾರೆ. ಇದೇ ನೀರು ಇಳಿದು ಹೋಗುವ ತಿ. ನರಸೀಪುರದಲ್ಲಿ ಹೊಳೆ ದಡದ ಗದ್ದೆಯವರು ಪಂಪ್‌ಸೆಟ್ ಎತ್ತಿಡಬೇಕೋ ಬೇಡವೋ ಎಂದು ಯೋಚಿಸುವುದೂ ಇಂಥ ಸಾಲು ಓದಿಯೇ.

ಫೋನು ಬಂದ ಮೇಲೆ ಇನ್ನೊಂದು ತೊಂದರೆ ಶುರುವಾಯಿತು. 2018ರ ಆಗಸ್ಟಿನಲ್ಲೂ 2019ರ ಆಗಸ್ಟಿನಲ್ಲೂ ಕಪಿಲೆ ಊರೊಳಗೆ ನುಗ್ಗಿದಳು. ಆಗ ತೆಗೆದ ಫೋಟೊಗಳು ಆಮೇಲೆ ಪ್ರತಿ ಮಳೆಗಾಲದಲ್ಲೂ ಹೊಸದೆಂಬಂತೆ ಸುತ್ತತೊಡಗಿದವು. ರುದ್ರನರ್ತನದ ಸಾಲು ಯಾವ ವರ್ಷಕ್ಕೂ ಒಗ್ಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಮಂಟಪದ ಮಟ್ಟ ಬರೆದಿದ್ದರೆ ಸುಳ್ಳು ಕೂಡಲೇ ಹೊರಬೀಳುತ್ತದೆ, ಏಕೆಂದರೆ ಸ್ನಾನಘಟ್ಟಕ್ಕೆ ಹೋಗಿ ನೋಡಿ ಬರಲು ಊರಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಹಾಗೆ ತಾಳೆ ನೋಡಲು ಸಿಗದ ಸಾಲನ್ನು ನಾನು ಅಡಿಬರಹ ಎಂದು ಒಪ್ಪುವುದಿಲ್ಲ.

ಆದರೆ ಕಣ್ಣಿಗೆ ಕಂಡ ಮಾತ್ರಕ್ಕೆ ವಿವರ ಕೈಗೆ ಬಂತೆಂದು ಅಲ್ಲ. ತಿ. ನರಸೀಪುರದಲ್ಲಿ 1989ರಿಂದ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತಾ ಬಂದಿದೆ. ಅಂಥ ಒಂದು ಮೇಳದಲ್ಲಿ, ತಿರುಮಕೂಡಲಿನ ಅಗಸ್ತ್ಯೇಶ್ವರ ದೇವಸ್ಥಾನದ ಕಡೆಯ ಮರಳಿನಲ್ಲಿ, ಇಬ್ಬರು ಹೆಂಗಸರು ಒದ್ದೆ ಸೀರೆಯ ಎರಡು ತುದಿ ಹಿಡಿದು ಗಾಳಿಗೆ ನಿಂತಿದ್ದರು. ನನ್ನ ಜೊತೆಗಿದ್ದ ಹುಡುಗ ಫೋಟೊ ತೆಗೆದು, ‘ತಾಯಿ ಮಗಳು ಅಂತ ಹಾಕ್ಲಾ ಸಾರ್?’ ಎಂದ. ಕೇಳಿಕೊಂಡು ಬಾ ಎಂದೆ.

‘ಯಾವೂರಾಯ್ತವ್ವ? ಇವ್ರು ಮಗಳಾ?’

‘ಮಗಳಲ್ಲ ಕಣಪ್ಪ, ಸೊಸೆ. ಕೊಳ್ಳೇಗಾಲದ ತಾವಿಂದ ಬಂದೋ. ಒದ್ದೆ ಬಟ್ಟೆ ಗಂಟು ಕಟ್ಕಂಡು ಬಸ್ ಹತ್ತುದ್ರೆ ಊರು ಸೇರೋಗಂಟ ಮುಗ್ಗುಲು ವಾಸ್ನೆ. ಒಣಗುಸ್ಕಂಡೇ ಹೋಯ್ತೀವಿ.’

ಇಷ್ಟರಲ್ಲೇ ಅಡಿಬರಹ ಇತ್ತು: ‘ಸಂಗಮದಲ್ಲಿ ಮಿಂದು, ಬಸ್ ಹತ್ತುವ ಮೊದಲು ಸೀರೆ ಒಣಗಿಸುತ್ತಿರುವ ಕೊಳ್ಳೇಗಾಲ ಕಡೆಯ ಅತ್ತೆ ಸೊಸೆ.’ ಆ ವರ್ಷ ನಾನು ನೋಡಿದ ಎಷ್ಟೋ ಮೇಳದ ಚಿತ್ರಗಳ ಕೆಳಗೆ ‘ಪುಣ್ಯಸ್ನಾನ ಮಾಡಿ ಪುನೀತರಾದ ಭಕ್ತರು’ ಎಂದಿತ್ತು. ಪುನೀತರಾದರೋ ಇಲ್ಲವೋ ಕ್ಯಾಮೆರಾ ಹೇಳಲಾರದು. ಸೀರೆ ಒಣಗುತ್ತಿದ್ದದ್ದು ಕಾಣುತ್ತಿತ್ತು, ಏಕೆ ಎಂದು ಆ ತಾಯಿ ಹೇಳಿದ್ದರು. ಕೇಳಲು ಆಗದಿದ್ದರೆ ಸಂಬಂಧವನ್ನು ಊಹಿಸದೆ ‘ಇಬ್ಬರು ಹೆಂಗಸರು’ ಎಂದೇ ಬಿಡಬೇಕು.

ಎಲ್ಲ ಸರಿ ಮಾಡಿದರೂ ಕೆಲಸ ಕೆಡಿಸುವ ಒಂದು ಸಂಗತಿಯಿದೆ, ಅದು ಅಂಚು ಕತ್ತರಿಸುವುದು. ಆಗ ಡೆಸ್ಕಿನಲ್ಲಿ ಜಾಗ ಸಾಲದಿದ್ದರೆ ಫೋಟೊದ ಬದಿ ಕತ್ತರಿಸುತ್ತಿದ್ದರು. ಚೀಟಿಯಲ್ಲಿ ಹೇಳಿದ ದಂಪತಿಯೋ ಮಂಟಪವೋ ಆ ತುಂಡಿನೊಂದಿಗೆ ಹೋಗಿಬಿಟ್ಟರೆ ಅಡಿಬರಹ ಇಲ್ಲದ ವಸ್ತುವನ್ನು ತೋರಿಸುತ್ತ ಉಳಿಯುತ್ತಿತ್ತು. ಅದಕ್ಕೆ ಪ್ರಿಂಟಿನ ಬೆನ್ನ ಮೇಲೆ ಪೆನ್ಸಿಲಿನಿಂದ ಹಗುರಾಗಿ ಗೆರೆ ಹಾಕಿ ‘ಇದರೊಳಗೆ ಕತ್ತರಿಸಬೇಡಿ’ ಎಂದು ಬರೆಯುತ್ತಿದ್ದೆವು. ಈಗ ಫೋನು ತಾನಾಗಿಯೇ ಚೌಕ ಮಾಡಿ ತೋರಿಸುವುದರಿಂದ, ಅಂಚಿನಲ್ಲಿರುವ ವಿವರವನ್ನು ನೆಚ್ಚಿ ಬರೆಯಲು ಹೋಗಬಾರದು. ಇಲ್ಲವೇ ಮೊದಲು ಚೌಕದಲ್ಲಿ ಕೂರಿಸಿ ನೋಡಿ ಆಮೇಲೆ ಬರೆಯಬೇಕು.

ಸಾಲಿನ ಕ್ರಮವೂ ತಿರುಗಿದೆ. ಪತ್ರಿಕೆಯಲ್ಲಿ ಊರು, ದೇವಸ್ಥಾನ, ದಿನ ಮೊದಲು ಬಂದು ವಿವರ ಎರಡನೇ ಸಾಲಿಗೆ ಬಂದರೂ ಓದುತ್ತಿದ್ದರು, ಎರಡೂ ಸಾಲು ಒಟ್ಟಿಗೆ ಕಣ್ಣೆದುರು ಇರುತ್ತಿದ್ದವು. ಫೋನಿನಲ್ಲಿ ಮೊದಲ ಕೆಲವು ಪದ ಮಾತ್ರ ಕಾಣುತ್ತವೆ, ಉಳಿದದ್ದಕ್ಕೆ ಬೆರಳಿಡಬೇಕು. ಹಾಗಾಗಿ ಸಂಗಮದ ಫೋಟೊ ಹಾಕುವ ಹುಡುಗರು ‘ದಕ್ಷಿಣ ಪ್ರಯಾಗ ಎಂದೇ ಖ್ಯಾತವಾದ’ ಎಂದು ಶುರು ಮಾಡಿದರೆ, ಕಾಣುವ ಅಷ್ಟೂ ಜಾಗ ಎಲ್ಲರಿಗೂ ಗೊತ್ತಿರುವ ಮಾತಿಗೇ ಹೋಯಿತು. ಈಗ ನಾನು ಅವರಿಗೆ ಹೇಳಿಕೊಡುವುದು ವಿವರ ಮೊದಲು, ಕಾರಣ ಆಮೇಲೆ, ಊರು ಮತ್ತು ತಾರೀಖು ಕೊನೆಗೆ ಎಂದು. ತಾರೀಖನ್ನು ಮಾತ್ರ ಯಾವತ್ತೂ ಬಿಡಬೇಡಿ ಎನ್ನುತ್ತೇನೆ, ಮುಂದಿನ ಮಳೆಗಾಲಕ್ಕೆ ಆ ಫೋಟೊ ಮತ್ತೆ ಹೊರಡುತ್ತದೆ.