‘ಬ್ಯಾಚುಲರ್’ಗೆ ಒಂದು ಕನ್ನಡ ಪದ

ಅಮೆರಿಕದ ತತ್ವಶಾಸ್ತ್ರಜ್ಞ ಕ್ವೈನ್ 1951ರಲ್ಲಿ ಬರೆದ ‘ಟು ಡಾಗ್ಮಾಸ್ ಆಫ್ ಎಂಪಿರಿಸಿಸಂ’ ಲೇಖನವನ್ನು ಕನ್ನಡದಲ್ಲಿ ವಿವರಿಸಲು ಹೊರಟವರು ಮೊದಲು ಎಡವುವುದು ದೊಡ್ಡ ಪರಿಭಾಷೆಯ ಮೇಲಲ್ಲ, ‘ಬ್ಯಾಚುಲರ್’ ಎಂಬ ಪದದ ಮೇಲೆ. ನನ್ನ ಪಿಎಚ್.ಡಿ. ಇದೇ ಲೇಖನದ ಸುತ್ತ ಇರುವುದರಿಂದ ಈ ಪದದ ಜೊತೆ ಸಾಕಷ್ಟು ದಿನ ಕಳೆದಿದ್ದೇನೆ.

ಕ್ವೈನ್ ಎದುರಿಸುತ್ತಿದ್ದ ನಂಬಿಕೆ ಹೀಗಿತ್ತು. ಸತ್ಯವಾಕ್ಯಗಳಲ್ಲಿ ಎರಡು ಜಾತಿ. ‘ಬುಧಗ್ರಹಕ್ಕೆ ಉಪಗ್ರಹವಿಲ್ಲ’ ಎಂಬುದು ನಿಜವೇ ಎಂದು ತಿಳಿಯಲು ಆಕಾಶ ನೋಡಬೇಕು, ಇದು ಸಂಶ್ಲೇಷಣಾತ್ಮಕ. ‘ಬ್ಯಾಚುಲರ್‌ಗಳಾರೂ ಮದುವೆಯಾದವರಲ್ಲ’ ಎಂಬುದಕ್ಕೆ ಏನನ್ನೂ ನೋಡಬೇಕಿಲ್ಲ, ಪದದ ಅರ್ಥ ಗೊತ್ತಿದ್ದರೆ ಸಾಕು, ಇದು ವಿಶ್ಲೇಷಣಾತ್ಮಕ. ಗಣಿತ ಮತ್ತು ತರ್ಕವನ್ನು ಎರಡನೆಯ ಜಾತಿಗೆ ಸೇರಿಸಿಬಿಟ್ಟರೆ, ಜ್ಞಾನವೆಲ್ಲ ಅನುಭವದಿಂದಲೇ ಬರುತ್ತದೆ ಎನ್ನುವವರಿಗೆ ದೊಡ್ಡ ತಲೆನೋವು ತಪ್ಪುತ್ತಿತ್ತು. ಕ್ವೈನ್‌ಗೆ ಗುರುಸಮಾನನಾಗಿದ್ದ ಕಾರ್ನಾಪ್ ಕಟ್ಟಿದ್ದು ಇದೇ ಅಡಿಪಾಯದ ಮೇಲೆ.

ಈಗ ಆ ವಾಕ್ಯವನ್ನು ಕನ್ನಡಕ್ಕೆ ತನ್ನಿ. ‘ಅವಿವಾಹಿತ’ ಎಂದು ಅನುವಾದಿಸಿದರೆ ‘ಅವಿವಾಹಿತರಾರೂ ವಿವಾಹಿತರಲ್ಲ’ ಎಂದಾಗುತ್ತದೆ. ಇದು ನಿಜ, ಆದರೆ ಇಲ್ಲಿ ಕೆಲಸ ಮಾಡುತ್ತಿರುವುದು ‘ಅ’ ಎಂಬ ನಿಷೇಧ ಮಾತ್ರ. ‘ವಿವಾಹ’ದ ಜಾಗದಲ್ಲಿ ಏನನ್ನೇ ಇಟ್ಟರೂ ವಾಕ್ಯ ನಿಲ್ಲುತ್ತದೆ. ಇಂಥ ಶುದ್ಧ ತಾರ್ಕಿಕ ಸತ್ಯದ ಬಗ್ಗೆ ಆ ಲೇಖನದಲ್ಲಿ ಕ್ವೈನ್‌ಗೆ ತಕರಾರಿಲ್ಲ. ಅವನ ತಕರಾರು ಎರಡು ಬೇರೆ ಪದಗಳ ಸಮಾನಾರ್ಥದಿಂದ ಮಾತ್ರ ನಿಜವಾಗುವ ವಾಕ್ಯಗಳ ಮೇಲೆ. ಹಾಗಾದರೆ ‘ಬ್ರಹ್ಮಚಾರಿ’ ಎನ್ನೋಣವೇ? ಆಗ ವಾಕ್ಯ ಸುಳ್ಳೇ ಆಗುತ್ತದೆ. ಗಾಂಧೀಜಿ 1906ರಲ್ಲಿ ಬ್ರಹ್ಮಚರ್ಯದ ವ್ರತ ತೊಟ್ಟಾಗ ಕಸ್ತೂರಬಾ ಜೊತೆ ಸಂಸಾರದಲ್ಲಿಯೇ ಇದ್ದರು. ಉಳಿದದ್ದು ‘ಬ್ಯಾಚುಲರ್’ ಎಂಬ ಪದವನ್ನೇ ಇಟ್ಟುಕೊಳ್ಳುವುದು. ಹೇಗೂ ಅದು ಈಗ ಕನ್ನಡದ್ದೇ. ಆದರೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ನಲವತ್ತು ವರ್ಷದವರಿಗೂ ಓನರ್ ಹೇಳುವುದು ಒಂದೇ: “ಫ್ಯಾಮಿಲಿ ಕರ್ಕೊಂಡು ಬನ್ನಿ ಸಾರ್, ಬ್ಯಾಚುಲರ್‌ಗೆ ಕೊಡಲ್ಲ.”

ಓನರ್‌ಗೆ ಪದದ ಅರ್ಥ ಗೊತ್ತಿಲ್ಲವೋ? ಅಥವಾ ಅವರ ಬಾಯಲ್ಲಿ ಅದಕ್ಕೆ ಬೇರೆ ಅರ್ಥವೋ? ಅಥವಾ ಅರ್ಥ ಅದೇ ಇದ್ದು, ಬ್ಯಾಚುಲರ್‌ಗಳ ಬಗೆಗಿನ ಅವರ ನಂಬಿಕೆ ಮಾತ್ರ ಬೇರೆಯೋ? ಈ ಪ್ರಶ್ನೆಯನ್ನು ಹೇಗೆ ತೀರ್ಮಾನಿಸುತ್ತೀರಿ ಎಂದು ಕೇಳುವುದೇ ಕ್ವೈನ್‌ನ ಪಟ್ಟು.

ಸಮಾನಾರ್ಥ ಎಂದರೇನು ಎಂದು ಅವನು ಕೇಳುತ್ತಾನೆ. ನಿಘಂಟು ನೋಡಿ ಎಂದರೆ, ನಿಘಂಟು ಬರೆದವರು ಈಗಾಗಲೇ ಇರುವ ಸಮಾನಾರ್ಥವನ್ನು ದಾಖಲಿಸುತ್ತಾರೆ, ಹುಟ್ಟಿಸುವುದಿಲ್ಲ. ಒಂದು ಪದದ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ವಾಕ್ಯದ ಸತ್ಯ ಕೆಡದಿದ್ದರೆ ಅವು ಸಮಾನಾರ್ಥಕಗಳು ಎಂದರೆ, ‘ಹೃದಯವಿರುವ ಪ್ರಾಣಿ’ ಮತ್ತು ‘ಮೂತ್ರಪಿಂಡವಿರುವ ಪ್ರಾಣಿ’ ಕೂಡ ಪಾಸಾಗಿಬಿಡುತ್ತವೆ. ಎರಡೂ ಅವವೇ ಪ್ರಾಣಿಗಳಿಗೆ ಸಲ್ಲುತ್ತವೆ, ಆದರೆ ಹೃದಯವೆಂದರೆ ಮೂತ್ರಪಿಂಡವಲ್ಲ. ಇವನ್ನು ಹೊರಗಿಡಲು ‘ಅನಿವಾರ್ಯವಾಗಿ’ ಎಂಬ ಮಾತು ಸೇರಿಸಬೇಕು: ಬ್ಯಾಚುಲರ್‌ಗಳು ಅನಿವಾರ್ಯವಾಗಿ ಮದುವೆಯಾಗದವರು, ಹೃದಯವಿರುವವು ಅನಿವಾರ್ಯವಾಗಿ ಮೂತ್ರಪಿಂಡವಿರುವವಲ್ಲ. ಸರಿ, ‘ಅನಿವಾರ್ಯ’ ಎಂದರೆ? ವಿಶ್ಲೇಷಣಾತ್ಮಕವಾಗಿ ನಿಜ ಎಂದು. ಹೊರಟಲ್ಲಿಗೇ ಬಂದೆವು.

ಜಾತಿಯೇ ಎರಡಿಲ್ಲದಿದ್ದರೆ ಜ್ಞಾನದ ಚಿತ್ರ ಹೇಗಿರುತ್ತದೆ? ಅಂಚುಗಳಲ್ಲಿ ಮಾತ್ರ ಅನುಭವಕ್ಕೆ ತಾಗುವ ಒಂದು ಹೆಣಿಗೆ ಎನ್ನುತ್ತಾನೆ ಕ್ವೈನ್. ಜೇಡರ ಬಲೆಯ ಹೋಲಿಕೆ 1970ರಲ್ಲಿ ಅಲಿಯನ್ ಎಂಬವನೊಡನೆ ಸೇರಿ ಬರೆದ ಪುಸ್ತಕದ ಹೆಸರಿನಲ್ಲೇ ಬಂತು. ಒಂದು ಎಳೆ ಒಂಟಿಯಾಗಿ ಪರೀಕ್ಷೆಗೆ ನಿಲ್ಲುವುದಿಲ್ಲ, ಇಡೀ ಬಲೆ ಜಗ್ಗುತ್ತದೆ. ಇದಕ್ಕೆ ಖಗೋಳಶಾಸ್ತ್ರದಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಯುರೇನಸ್ ಗ್ರಹ ನ್ಯೂಟನ್ನನ ಲೆಕ್ಕದಂತೆ ಚಲಿಸುತ್ತಿರಲಿಲ್ಲ. ಫ್ರಾನ್ಸಿನ ಲ ವೆರಿಯೆ ನ್ಯೂಟನ್ನನನ್ನು ಮುಟ್ಟದೆ, ಗ್ರಹಗಳ ಪಟ್ಟಿ ಅಪೂರ್ಣ ಎಂದ. ಕಾಣದ ಗ್ರಹವೊಂದು ಎಳೆಯುತ್ತಿದೆ ಎಂದು ಅದರ ಸ್ಥಾನ ಲೆಕ್ಕ ಹಾಕಿದ. 1846ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್ನಿನ ದೂರದರ್ಶಕಕ್ಕೆ ನೆಪ್ಚೂನ್ ಸಿಕ್ಕಿತು, ಅವನು ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ. ಬುಧನ ಕಕ್ಷೆಯಲ್ಲೂ ಇಂಥದೇ ಒಂದು ಸಣ್ಣ ಗಂಟಿತ್ತು. ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದು ಲೆಕ್ಕಕ್ಕಿಂತ ತುಸು ವೇಗವಾಗಿ ಸರಿಯುತ್ತಿತ್ತು. ಈಗಿನ ಲೆಕ್ಕದಲ್ಲಿ ಆ ವ್ಯತ್ಯಾಸ ಶತಮಾನಕ್ಕೆ 43 ಆರ್ಕ್‌ಸೆಕೆಂಡ್. ಅಂದರೆ ಹುಣ್ಣಿಮೆ ಚಂದ್ರನ ಅಗಲದ ನಲವತ್ತರಲ್ಲೊಂದು ಭಾಗದಷ್ಟು ಸರಿಯಲು ನೂರು ವರ್ಷ. ಲ ವೆರಿಯೆ ಮತ್ತೆ ಅದೇ ದಾರಿ ಹಿಡಿದ: ಒಳಗೆ ಇನ್ನೊಂದು ಗ್ರಹವಿದೆ. ಅದಕ್ಕೆ ‘ವಲ್ಕನ್’ ಎಂದು ಹೆಸರೂ ಬಿತ್ತು, ನೋಡಿದೆ ಎಂದವರೂ ಇದ್ದರು. ಅಂಥ ಗ್ರಹವಿರಲಿಲ್ಲ. ಅಸಾಫ್ ಹಾಲ್ ಎಂಬಾತ 1894ರಲ್ಲಿ ಬೇರೊಂದು ಎಳೆ ಹಿಡಿದ: ಗುರುತ್ವವು ದೂರದ ವರ್ಗಕ್ಕೆ ವಿಲೋಮ ಎಂಬಲ್ಲಿನ ಆ 2ನ್ನು ಅತ್ಯಲ್ಪ ಹೆಚ್ಚಿಸಿದರೆ ಬುಧನ ಲೆಕ್ಕ ಸರಿಹೋಗುತ್ತಿತ್ತು. ಕೊನೆಗೆ 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಮುಟ್ಟಿದ್ದು ಬಲೆಯ ನಡುವನ್ನು, ಜ್ಯಾಮಿತಿಯನ್ನೇ. ಆ 43 ತಾನಾಗಿ ಬಂತು.

ಗಮನಿಸಿ, ಆಕಾಶ ಹೇಳಿದ್ದು ‘ಎಲ್ಲೋ ಏನೋ ಸರಿಯಿಲ್ಲ’ ಎಂದಷ್ಟೇ. ಎಲ್ಲಿ ಎಂದು ಹೇಳಲಿಲ್ಲ. ತ್ರಿಕೋನದ ಕೋನಗಳ ಮೊತ್ತ 180 ಡಿಗ್ರಿ ಎಂಬುದು ಪದಾರ್ಥದಿಂದಲೇ ನಿಜ ಎಂದು ಪಟ್ಟು ಹಿಡಿದವರು ಈಗಲೂ ಹೇಳಬಹುದು: ಐನ್‌ಸ್ಟೈನ್ ಸತ್ಯ ಬದಲಿಸಲಿಲ್ಲ, ‘ಸರಳರೇಖೆ’ಯ ಅರ್ಥ ಬದಲಿಸಿದ. ಮತ್ತೆ ಆ ಓನರ್ ಪ್ರಶ್ನೆಯೇ. ಅರ್ಥ ಬದಲಾಯಿತೋ ನಂಬಿಕೆ ಬದಲಾಯಿತೋ ಎಂದು ಗೆರೆ ಎಳೆಯಲು ಇಲ್ಲೂ ಬೇರೆ ಯಾವ ಸಂಗತಿಯೂ ಉಳಿದಿಲ್ಲ. ಕ್ವೈನ್‌ನ ಈ ಮಾತು ನನಗೆ ಒಪ್ಪಿಗೆ.

ಆದರೆ ಗ್ರೈಸ್ ಮತ್ತು ಸ್ಟ್ರಾಸನ್ 1956ರಲ್ಲಿ ಕೊಟ್ಟ ಉತ್ತರವನ್ನು ಬದಿಗಿಡುವಂತಿಲ್ಲ. ಪಕ್ಕದ ಮನೆಯ ಮೂರು ವರ್ಷದ ಮಗುವಿಗೆ ರಸೆಲ್‌ನ ಗಣಿತ ಅರ್ಥವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬುವುದಿಲ್ಲ, ಆದರೆ ಮಗುವನ್ನು ಕರೆಸಿ ನೋಡಬಹುದು. ಆ ಮೂರು ವರ್ಷದ ಮಗು ದೊಡ್ಡವರೇ ಆಗಿದ್ದಾರೆ ಎಂದರೆ ಏನು ನೋಡಬೇಕೆಂದೇ ತಿಳಿಯುವುದಿಲ್ಲ. ಈ ವ್ಯತ್ಯಾಸ ಎಲ್ಲರಿಗೂ ಹಿಡಿಯುತ್ತದೆ. ಕ್ವೈನ್ ಕೂಡ 1974ರ ಹೊತ್ತಿಗೆ, ಪದ ಕಲಿಯುವಾಗಲೇ ಎಲ್ಲರೂ ನಿಜವೆಂದು ಕಲಿತುಬಿಡುವ ವಾಕ್ಯಗಳಿವೆ ಎಂದು ಒಪ್ಪಿದ. ಅವು ಎಂದೂ ಬದಲಾಗವು ಎಂದು ಮಾತ್ರ ಒಪ್ಪಲಿಲ್ಲ. ಅಷ್ಟಿದ್ದರೆ ಸಾಕು ಅನಿಸುತ್ತದೆ ನನಗೆ. ಕಾರ್ನಾಪ್‌ಗೆ ಬೇಕಿದ್ದ ಅಡಿಪಾಯವಂತೂ ಅದರಿಂದ ಸಿಗದು.

ನನಗೆ ಜೀರ್ಣವಾಗದಿರುವುದು ಇನ್ನೊಂದು. ಕ್ವಾಂಟಂ ಭೌತವಿಜ್ಞಾನವನ್ನು ಸರಳಗೊಳಿಸಲು ತರ್ಕದ ನಿಯಮವನ್ನೇ ತಿದ್ದುವ ಸಲಹೆ ಬಂದಿದೆ, ಹಾಗಾಗಿ ತರ್ಕವೂ ಬಲೆಯೊಳಗಿನದೇ ಎಂದು 1951ರಲ್ಲಿ ಹೇಳಿದವನು, 1970ರ ತರ್ಕಶಾಸ್ತ್ರದ ಪುಸ್ತಕದಲ್ಲಿ, ‘ಹೌದು’ ಮತ್ತು ‘ಅಲ್ಲ’ ಎರಡೂ ಏಕಕಾಲಕ್ಕೆ ನಿಜ ಎನ್ನುವವನು ಸಿದ್ಧಾಂತವನ್ನಲ್ಲ, ವಿಷಯವನ್ನೇ ಬದಲಿಸಿದ್ದಾನೆ ಎನ್ನುತ್ತಾನೆ. ಅಂದರೆ ಅವನ ‘ಅಲ್ಲ’ ನಮ್ಮ ‘ಅಲ್ಲ’ ಅಲ್ಲ. ಓನರ್ ವಿಷಯದಲ್ಲಿ ಎಳೆಯಲಾಗದ ಗೆರೆ ಇಲ್ಲಿ ಹೇಗೆ ಎಳೆಯಲು ಬಂತು? ಅನುವಾದದಲ್ಲಿ ‘ಅಲ್ಲ’ ಎಂದು ಬರೆಯಬೇಕಾದರೆ ಈ ನಿಯಮಗಳನ್ನು ಮೊದಲೇ ಒಪ್ಪಿಕೊಂಡಿರಬೇಕು ಎಂಬುದು ಅವನ ಸಮರ್ಥನೆ. ನನ್ನ ಮೂರನೇ ಅಧ್ಯಾಯ ಸದ್ಯ ಈ ‘ಅಲ್ಲ’ದ ಮುಂದೆ ನಿಂತಿದೆ.